ಹೃದಯ ನಿಂತಿತು ಎಂದರೆ ಸಾವಿನ ಕಾರಣ ಹೇಳಿದಂತಾಯಿತೇ?

ಪ್ರಶ್ನೆ: ನಮ್ಮ ತಂದೆಗೆ 15 ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಕಾಲಿನ ಗಾಯ ಕೊಳೆತು ಆಸ್ಪತ್ರೆಗೆ ಸೇರಿಸಿದೆವು, ರಕ್ತಕ್ಕೆ ನಂಜೇರಿ ತೀರಿಕೊಂಡರು. ಆಸ್ಪತ್ರೆ ಕೊಟ್ಟ ಹಾಳೆಯಲ್ಲಿ ಕಾರಣ ‘ಹೃದಯ ಮತ್ತು ಉಸಿರಾಟ ಸ್ತಂಭನ’ ಎಂದಷ್ಟೇ ಇದೆ. ಅವರಿಗೆ ಹೃದಯದ ತೊಂದರೆಯೇ ಇರಲಿಲ್ಲ. ಮರಣ ಪ್ರಮಾಣಪತ್ರದಲ್ಲಂತೂ ಕಾರಣದ ಕಾಲಮ್ಮೇ ಇಲ್ಲ. ಇದನ್ನು ತಿದ್ದಿಸಬಹುದೇ? ಸಕ್ಕರೆ ಕಾಯಿಲೆ ಎಂದು ಬರೆಸಿದರೆ ವಿಮೆಯ ಹಣ ಬರುವುದಿಲ್ಲ ಎಂದು ನಮ್ಮ ಭಾವ ಹೆದರಿಸುತ್ತಿದ್ದಾರೆ.
— ಒಬ್ಬ ಓದುಗರು, ಅರಸೀಕೆರೆ

ಉತ್ತರ: ತಿದ್ದಿಸಬಹುದು. ಆದರೆ ಯಾವ ಕಾಗದವನ್ನು, ಯಾರಿಂದ ಎಂಬುದು ಮೊದಲು ಸ್ಪಷ್ಟವಾಗಬೇಕು. ನಿಮ್ಮ ಕೈಯಲ್ಲಿರುವುದು ಎರಡು ಬೇರೆ ಬೇರೆ ದಾಖಲೆಗಳು.

ನೋಂದಣಾಧಿಕಾರಿ ಕೊಡುವ ಮರಣ ಪ್ರಮಾಣಪತ್ರದಲ್ಲಿ ಕಾರಣ ಇಲ್ಲದಿರುವುದು ಯಾರ ಮರೆವೂ ಅಲ್ಲ. 1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮದ 17ನೇ ಕಲಮು, ರಿಜಿಸ್ಟರಿನಲ್ಲಿರುವ ಸಾವಿನ ಕಾರಣವನ್ನು ಹೊರಗೆ ಕೊಡುವ ಪ್ರತಿಯಲ್ಲಿ ತೋರಿಸಬಾರದು ಎನ್ನುತ್ತದೆ. ಖಾತೆ ಬದಲಾವಣೆಗೋ ಬ್ಯಾಂಕಿಗೋ ಕೊಡುವ ಕಾಗದದಲ್ಲಿ ತೀರಿಕೊಂಡವರ ಕಾಯಿಲೆ ಊರಿಗೆಲ್ಲ ತಿಳಿಯಬೇಕಾಗಿಲ್ಲ. ಹಾಗಾಗಿ ಆ ಪತ್ರದ ವಿಚಾರವನ್ನು ಇಲ್ಲಿಗೇ ಬಿಡಿ.

ಆಸ್ಪತ್ರೆ ಕೊಟ್ಟದ್ದು ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ. ಆಸ್ಪತ್ರೆಯಲ್ಲಿ ಆದ ಸಾವಿಗೆ ನಮೂನೆ 4, ಮನೆಯಲ್ಲಿ ತೀರಿಕೊಂಡು ಕೊನೆಯ ಕಾಯಿಲೆಗೆ ವೈದ್ಯರು ಚಿಕಿತ್ಸೆ ನೀಡಿದ್ದರೆ ನಮೂನೆ 4ಎ. ಇದು ಮರಣದ ವರದಿಯ ಜೊತೆಗೆ ನೋಂದಣಾಧಿಕಾರಿಗೆ ಹೋಗುತ್ತದೆ. ಹಿಂದೆ ಮನೆಯವರ ಕಣ್ಣಿಗೆ ಬೀಳುವುದು ಅಪರೂಪವಾಗಿತ್ತು. 2023ರ ತಿದ್ದುಪಡಿ ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಹತ್ತಿರದ ಸಂಬಂಧಿಗೆ ಒಂದು ಪ್ರತಿ ಕೊಡುವುದು ಕಡ್ಡಾಯವಾಗಿದೆ. ನೀವು ಈ ಪ್ರಶ್ನೆ ಕೇಳಲು ಸಾಧ್ಯವಾದದ್ದೂ ಬಹುಶಃ ಅದರಿಂದಲೇ. ಮನೆಯವರು ಓದತೊಡಗಿದರೆ ಬರೆಯುವವರ ಕೈ ತುಸು ಎಚ್ಚರವಾಗುತ್ತದೆ ಎಂಬ ಆಸೆ ನನಗಿದೆ.

ಈಗ ಆ ಹಾಳೆಯನ್ನು ಮುಂದಿಟ್ಟುಕೊಳ್ಳಿ. ಅದರಲ್ಲಿ ಎರಡು ಭಾಗಗಳಿವೆ. ಒಂದನೆಯ ಭಾಗದಲ್ಲಿ (ಎ), (ಬಿ), (ಸಿ) ಎಂದು ಮೂರು ಸಾಲುಗಳು. (ಎ)ಯಲ್ಲಿ ತಕ್ಷಣದ ಕಾರಣ, (ಬಿ)ಯಲ್ಲಿ ಅದಕ್ಕೆ ಎಡೆಮಾಡಿದ್ದು, (ಸಿ)ಯಲ್ಲಿ ಅದಕ್ಕೂ ಹಿಂದಿನದು. ಮೇಲಿನಿಂದ ಕೆಳಗೆ ಇಳಿಯುತ್ತಾ ಪ್ರತಿ ಸಾಲಿನಲ್ಲೂ ‘ಇದು ಯಾತರಿಂದ ಆಯಿತು?’ ಎಂದು ಕೇಳುತ್ತಾ ಹೋಗಬೇಕು. ಕೊನೆಯ ಸಾಲಿನಲ್ಲಿ ಸಿಗುವುದೇ ಮೂಲ ಕಾರಣ, ಅಂದರೆ ಸಾವಿನ ತನಕ ಸಾಗಿದ ಸರಣಿಯನ್ನು ಆರಂಭಿಸಿದ ಕಾಯಿಲೆ ಅಥವಾ ಗಾಯ. ಸರಣಿಯೊಳಗೆ ನೇರವಾಗಿ ಬಾರದ, ಆದರೆ ಸಾವಿಗೆ ಕೈಜೋಡಿಸಿದ ಬೇರೆ ಕಾಯಿಲೆಗಳಿದ್ದರೆ ಅವು ಎರಡನೆಯ ಭಾಗಕ್ಕೆ. ಪ್ರತಿ ಕಾಯಿಲೆಯ ಪಕ್ಕದಲ್ಲಿ, ಅದು ಶುರುವಾಗಿ ಸಾವಿನವರೆಗೆ ಎಷ್ಟು ಕಾಲ ಕಳೆಯಿತು ಎಂದು ಬರೆಯಲು ಜಾಗವಿದೆ.

ನೀವು ಹೇಳಿದ್ದನ್ನು ಕೇಸ್ ಶೀಟ್ ಕೂಡ ಹೇಳುತ್ತದೆ ಎಂದುಕೊಂಡರೆ, ನಿಮ್ಮ ತಂದೆಯವರ ನಮೂನೆ ಹೀಗಿರಬೇಕಿತ್ತು. (ದಿನಗಳ ಲೆಕ್ಕ ಮಾತ್ರ ನನ್ನ ಊಹೆ.) (ಎ) ರಕ್ತದ ನಂಜು, ಅಂದರೆ ಸೆಪ್ಸಿಸ್: 3 ದಿನ. (ಬಿ) ಪಾದದ ಗ್ಯಾಂಗ್ರೀನ್: 3 ವಾರ. (ಸಿ) ಎರಡನೆಯ ವಿಧದ ಮಧುಮೇಹ: 15 ವರ್ಷ. ಜೊತೆಗೆ ರಕ್ತದೊತ್ತಡವೂ ಇದ್ದು ಅದು ಸ್ಥಿತಿಯನ್ನು ಬಿಗಡಾಯಿಸಿದ್ದರೆ ಎರಡನೆಯ ಭಾಗದಲ್ಲಿ ಅದು. ಹೃದಯ ನಿಂತದ್ದು ಎಲ್ಲಿಯೂ ಬೇಕಾಗಿಲ್ಲ. ಸತ್ತ ಪ್ರತಿಯೊಬ್ಬರ ಹೃದಯವೂ ಉಸಿರೂ ನಿಂತಿರುತ್ತವೆ. ಸಾವು ಬಂದ ಬಗೆಯನ್ನು ಬರೆಯಬೇಡಿ, ಅದನ್ನು ತಂದ ಕಾಯಿಲೆಯನ್ನು ಬರೆಯಿರಿ ಎಂಬ ಸೂಚನೆ ನಮೂನೆಯ ಮೇಲೆಯೇ ಅಚ್ಚಾಗಿದೆ.

ಅವಧಿಯ ಕಾಲಮ್ಮನ್ನು ಬಹಳಷ್ಟು ವೈದ್ಯರು ಖಾಲಿ ಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಅತಿ ಉಪಯುಕ್ತವಾದದ್ದು ಅದೇ. ಮೇಲಿನಿಂದ ಕೆಳಗೆ ಹೋದಂತೆ ಕಾಲ ಹೆಚ್ಚುತ್ತಾ ಹೋಗಬೇಕು, ಕಡೆಪಕ್ಷ ಸಮವಾಗಿರಬೇಕು. ಮೇಲೆ 3 ವಾರ, ಅದರ ಕೆಳಗೆ 3 ದಿನ ಎಂದಿದ್ದರೆ ಸರಣಿ ತಲೆಕೆಳಗಾಗಿದೆ ಎಂದೇ ಅರ್ಥ. ಇದನ್ನು ಪತ್ತೆಹಚ್ಚಲು ವೈದ್ಯಕೀಯ ಓದಿರಬೇಕಾಗಿಲ್ಲ. ನೀವೇ ನೋಡಬಹುದು.

ಇನ್ನು ಈ ಹಾಳೆ ಮುಂದೆ ಏನಾಗುತ್ತದೆ? ಕರ್ನಾಟಕದಲ್ಲಿ ಜನನ ಮರಣಗಳ ಮುಖ್ಯ ನೋಂದಣಾಧಿಕಾರಿ ಎಂದರೆ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ನಿರ್ದೇಶಕರು. ನಮೂನೆಯಲ್ಲಿರುವ ಕಾಯಿಲೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ, ಅಂದರೆ ಐಸಿಡಿಯ ಪ್ರಕಾರ ಸಂಕೇತ ಹಾಕುತ್ತಾರೆ. ಎಷ್ಟೇ ಕಾಯಿಲೆಗಳನ್ನು ಬರೆದಿದ್ದರೂ ಮುಖ್ಯ ಕೋಷ್ಟಕಗಳಲ್ಲಿ ಒಂದು ಸಾವಿಗೆ ಒಂದೇ ಮೂಲ ಕಾರಣ ಎಣಿಕೆಗೆ ಬರುತ್ತದೆ. ಸಂಕೇತ ಹಾಕುವವರು ರೋಗಿಯನ್ನು ಕಂಡವರಲ್ಲ, ಕೇಸ್ ಶೀಟೂ ಅವರ ಬಳಿ ಇರುವುದಿಲ್ಲ. ಹಾಳೆಯ ಮೇಲೆ ಇದ್ದಷ್ಟೇ ಅವರಿಗೆ ಲೋಕ. ಕೆಳಗಿನ ಸಾಲಿನ ಕಾಯಿಲೆ ಮೇಲಿನವುಗಳಿಗೆಲ್ಲ ಕಾರಣವಾಗಬಲ್ಲದೇ ಎಂದು ನೋಡುತ್ತಾರೆ. ಆಗಬಲ್ಲದಾದರೆ ಸಾಮಾನ್ಯವಾಗಿ ಅದನ್ನೇ ಆರಿಸುತ್ತಾರೆ. ಆಗದಿದ್ದರೆ ಆಯ್ಕೆಗೆ ಬೇರೆ ನಿಯಮಗಳಿವೆ.

ಐಸಿಡಿ-10ರಲ್ಲಿ ನಿಮ್ಮ ತಂದೆಯವರ ಒಂದೇ ಸಾವು ಮೂರು ರೀತಿಯಲ್ಲಿ ಎಣಿಕೆಯಾಗಬಹುದು. ಮೂರೂ ಸಾಲುಗಳು ಮೇಲೆ ಹೇಳಿದಂತೆ ಇದ್ದರೆ ಮಧುಮೇಹ ಮತ್ತು ಗ್ಯಾಂಗ್ರೀನ್ ಕೂಡಿ E11.5, ಅಂದರೆ ರಕ್ತಪರಿಚಲನೆಯ ತೊಡಕಿದ್ದ ಎರಡನೆಯ ವಿಧದ ಮಧುಮೇಹ. ವೈದ್ಯರು ‘ಹೃದಯ ಸ್ತಂಭನ, ಅದಕ್ಕೆ ಕಾರಣ ಸೆಪ್ಸಿಸ್’ ಎಂದು ಬರೆದು ನಿಲ್ಲಿಸಿದ್ದರೆ A41.9. ಆಗ ಅದು ಸೋಂಕಿನ ಸಾವು, ಸಕ್ಕರೆ ಕಾಯಿಲೆ ಲೆಕ್ಕದಿಂದ ಕಾಣೆಯಾಗುತ್ತದೆ. ಈಗಿರುವಂತೆ ಬರಿಯ ಸ್ತಂಭನವೊಂದೇ ಇದ್ದರೆ I46.9. ಸಂಕೇತವೇನೋ ಸಿಗುತ್ತದೆ, ಆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅಷ್ಟೇ ಅಲ್ಲ, ಆ ಸಂಕೇತ ಇರುವುದು ರಕ್ತಪರಿಚಲನಾ ವ್ಯವಸ್ಥೆಯ ರೋಗಗಳ ಅಧ್ಯಾಯದಲ್ಲಿ. ಅಧ್ಯಾಯವಾರು ಕೋಷ್ಟಕ ಮಾಡಿದಾಗ, ಹೃದಯದ ತೊಂದರೆಯೇ ಇಲ್ಲದಿದ್ದ ನಿಮ್ಮ ತಂದೆ ಹೃದ್ರೋಗಿಗಳ ಸಾಲಿಗೆ ಸೇರಿಬಿಡುತ್ತಾರೆ. ‘ನಮ್ಮಲ್ಲಿ ಹೃದಯದ ಸಾವುಗಳು ಹೆಚ್ಚುತ್ತಿವೆ’ ಎಂಬ ಸುದ್ದಿ ಓದುವಾಗ ಅದರಲ್ಲಿ ಎಷ್ಟು ಪಾಲು ಹೀಗೆ ಬಂದದ್ದು ಎಂದು ನಾನು ಮೊದಲು ಹುಡುಕುವುದು ಇದಕ್ಕೇ. ಇಂಥ ಹುರುಳಿಲ್ಲದ ಸಂಕೇತಗಳಿಗೆ ಜನಸಂಖ್ಯಾ ಆರೋಗ್ಯದ ತಜ್ಞರು ‘ಕಸದ ಸಂಕೇತ’ ಎಂದೇ ಹೆಸರಿಟ್ಟಿದ್ದಾರೆ. ಅದೂ ನಮ್ಮ ದೇಶದಲ್ಲಿ ವೈದ್ಯರು ಕಾರಣ ದೃಢೀಕರಿಸುವುದೇ ನೋಂದಾಯಿತ ಸಾವುಗಳಲ್ಲಿ ಐದರಲ್ಲಿ ಒಂದಕ್ಕಿಂತ ತುಸು ಹೆಚ್ಚು ಎಂದು 2020ರ ಸರ್ಕಾರಿ ವರದಿ ಹೇಳುತ್ತದೆ. ಇರುವ ಅಷ್ಟರಲ್ಲೂ ಕಸ ಸೇರಿದರೆ ಉಳಿಯುವುದೇನು?

ವೈದ್ಯರು ಯಾಕೆ ಹೀಗೆ ಬರೆಯುತ್ತಾರೆ? ದುರುದ್ದೇಶದಿಂದಲ್ಲ. ಸಾವು ನಡುರಾತ್ರಿ ಸಂಭವಿಸಿರುತ್ತದೆ, ಮನೆಯವರು ದೇಹಕ್ಕಾಗಿ ಕಾಯುತ್ತಿರುತ್ತಾರೆ, ಕರ್ತವ್ಯದಲ್ಲಿರುವ ಕಿರಿಯ ವೈದ್ಯರು ರೋಗಿಯನ್ನು ನೋಡಿದ್ದೇ ಕೊನೆಯ ಗಂಟೆಯಲ್ಲಿ. ಹೃದಯ ಸ್ತಂಭನ ಎಂದು ಬರೆದರೆ ಯಾರೂ ಸುಳ್ಳು ಎನ್ನಲಾರರು. ಕಾನೂನು ಮಾತ್ರ ಸಹಿ ಹಾಕಬೇಕಾದವರು ಇತ್ತೀಚಿನ ಕಾಯಿಲೆಗೆ ಚಿಕಿತ್ಸೆ ನೀಡಿದ ವೈದ್ಯರು ಎನ್ನುತ್ತದೆ. 2023ರ ನಂತರ ಕಾಯಿಲೆಯ ಹಿನ್ನೆಲೆಯನ್ನೂ ಅವರು ಸೇರಿಸಬೇಕು. ನಿಮ್ಮ ವಾದಕ್ಕೆ ಇದೇ ಆಧಾರ.

ತಿದ್ದುಪಡಿಗೆ ನೋಂದಣಾಧಿಕಾರಿಯ ಕಚೇರಿಗೆ ನೇರವಾಗಿ ಹೋಗಬೇಡಿ. ಹೆಸರಿನ ಕಾಗುಣಿತವನ್ನೋ ವಿಳಾಸವನ್ನೋ ಅವರು ಪುರಾವೆ ನೋಡಿ ಸರಿಪಡಿಸಬಲ್ಲರು. ವೈದ್ಯರು ಬರೆದ ಕಾರಣವನ್ನು ನಿಮ್ಮ ಮಾತಿನ ಮೇಲೆ ಬದಲಿಸಲು ಅವರಿಂದಾಗದು, ಆಗಲೂಬಾರದು. ಮೊದಲು ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ ಲಿಖಿತ ಅರ್ಜಿ ಕೊಡಿ. ಒಳರೋಗಿ ಸಂಖ್ಯೆ, ಸಾವಿನ ದಿನಾಂಕ, ನಮೂನೆ 4ರ ಪ್ರತಿ, ಮಧುಮೇಹದ ಹಳೆಯ ಚೀಟಿಗಳು, ಕಾಲಿನ ಗಾಯಕ್ಕೆ ಚಿಕಿತ್ಸೆ ಪಡೆದ ದಾಖಲೆ ಜೊತೆಗಿರಲಿ. ‘ಕಾರಣ ಬದಲಿಸಿ’ ಎಂದು ಬರೆಯಬೇಡಿ. ‘ಕೇಸ್ ಶೀಟಿನೊಂದಿಗೆ ಹೋಲಿಸಿ, ಮೂಲ ಕಾರಣದ ಸಾಲುಗಳನ್ನು ಪೂರ್ಣಗೊಳಿಸಿ’ ಎಂದು ಕೇಳಿ. ಅದು ವೈದ್ಯರ ಮೇಲಿನ ದೂರಿನಂತೆ ಕಾಣುವುದಿಲ್ಲ, ಕೆಲಸ ಸಲೀಸಾಗುತ್ತದೆ. ಚಿಕಿತ್ಸೆ ನೀಡಿದ ವೈದ್ಯರು ಒಪ್ಪಿದರೆ ಆಸ್ಪತ್ರೆ ಸರಿಪಡಿಸಿದ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗೆ ಕಳುಹಿಸಬೇಕು. 15ನೇ ಕಲಮಿನ ಪ್ರಕಾರ ಮೂಲ ನಮೂದನ್ನು ಅಳಿಸುವುದಿಲ್ಲ. ಅದು ಹಾಗೆಯೇ ಉಳಿದು, ಅಂಚಿನಲ್ಲಿ ತಿದ್ದುಪಡಿ ದಾಖಲಾಗುತ್ತದೆ. ಇದಾದ ಮೇಲೂ ನಿಮ್ಮ ಕೈಯಲ್ಲಿರುವ ಮರಣ ಪ್ರಮಾಣಪತ್ರ ಬದಲಾಗದು, ಅದರಲ್ಲಿ ಕಾರಣವೇ ಇಲ್ಲವಲ್ಲ.

ವೈದ್ಯರು ಒಪ್ಪದೆಯೂ ಇರಬಹುದು. ಕೊನೆಯ ದಿನಗಳ ಇಸಿಜಿಯಲ್ಲಿ ಹೊಸ ಹೃದಯಾಘಾತ ಕಂಡಿದ್ದರೆ ಸರಣಿಯೇ ಬೇರೆ. ಅದಕ್ಕೇ ಮೊದಲು ಕೇಸ್ ಶೀಟಿನ ಪ್ರತಿ ಪಡೆದು, ನಿಮ್ಮ ಊರಿನ ವೈದ್ಯರೊಬ್ಬರಿಗೆ ತೋರಿಸಿಯೇ ಅರ್ಜಿ ಹಾಕಿ.

ಇನ್ನು ನಿಮ್ಮ ಭಾವನವರ ಹೆದರಿಕೆ. ನಮೂನೆ 4ರಲ್ಲಿ ಮಧುಮೇಹ ಬಿಟ್ಟುಹೋದರೆ ವಿಮಾ ಕಂಪನಿಗೆ ಅದು ತಿಳಿಯುವುದಿಲ್ಲ ಎಂದೇನೂ ಇಲ್ಲ. ಸಂದೇಹ ಬಂದರೆ ಅವರು ಆಸ್ಪತ್ರೆಯ ದಾಖಲೆಗಳನ್ನೇ ತರಿಸಿ ನೋಡುತ್ತಾರೆ, ಅಲ್ಲಿ ಪ್ರತಿ ಪುಟದಲ್ಲೂ ಸಕ್ಕರೆಯ ಅಳತೆ ಇರುತ್ತದೆ. ಅವರಿಗೆ ಮುಖ್ಯವಾದ ಪ್ರಶ್ನೆ, ಪಾಲಿಸಿ ಮಾಡಿಸುವಾಗ ತಂದೆಯವರು ಕಾಯಿಲೆಯನ್ನು ತಿಳಿಸಿದ್ದರೇ ಎಂಬುದು. ತಿಳಿಸಿದ್ದರೆ ಅಥವಾ ಕಾಯಿಲೆ ಪಾಲಿಸಿಯ ನಂತರ ಬಂದಿದ್ದರೆ ಮಧುಮೇಹದ ನೆಪದಲ್ಲಿ ಹಣ ತಡೆಯುವಂತಿಲ್ಲ. ತಿಳಿಸದಿದ್ದರೂ, ಜೀವ ವಿಮೆಯ ಪಾಲಿಸಿಯನ್ನು ಮೂರು ವರ್ಷ ಕಳೆದ ಮೇಲೆ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ ಎಂದು ವಿಮಾ ಅಧಿನಿಯಮದ 45ನೇ ಕಲಮು ಹೇಳುತ್ತದೆ. ಕಂತು ನಿಂತು ಪಾಲಿಸಿಯನ್ನು ಮತ್ತೆ ಚಾಲನೆಗೆ ತಂದಿದ್ದರೆ ಆ ಮೂರು ವರ್ಷಗಳ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ಆದ್ದರಿಂದ ಭಾವನವರಿಗೆ ಹೇಳಿ, ಮೊದಲು ಪಾಲಿಸಿ ಬಾಂಡಿನ ದಿನಾಂಕ ನೋಡಲಿ.