ಐಸೋಬಾರ್ ಒತ್ತೊತ್ತಾಗಿದ್ದರೆ ಫ್ರಂಟ್ ಬೇಗ ದಾಟಿಹೋಗುತ್ತದೆಯೇ?

ಪ್ರಶ್ನೆ: ಹವಾಮಾನ ನಕ್ಷೆ ಓದುವುದನ್ನು ಈಗಷ್ಟೇ ಕಲಿಯುತ್ತಿದ್ದೇನೆ. ಕೋಲ್ಡ್ ಫ್ರಂಟ್, ಅಂದರೆ ತಣ್ಣನೆಯ ಗಾಳಿ ಬೆಚ್ಚನೆಯ ಗಾಳಿಯನ್ನು ತಳ್ಳಿಕೊಂಡು ಬರುವ ಗಡಿಯ ಹತ್ತಿರ, ಸಮಾನ ಒತ್ತಡದ ಜಾಗಗಳನ್ನು ಸೇರಿಸುವ ಗೆರೆಗಳಾದ ಐಸೋಬಾರ್‌ಗಳು ಒತ್ತೊತ್ತಾಗಿದ್ದರೆ ಅದು ಬೇಗ ದಾಟಿಹೋಗುತ್ತದೆ ಅಂತಾರಲ್ಲ, ಹಾಗಾದರೆ ಸಂಜೆಯ ಒಂದು ನಕ್ಷೆ ನೋಡಿ ನಾಳೆ ಮಳೆ ಎಷ್ಟು ಗಂಟೆಗೆ ನಿಲ್ಲುತ್ತದೆ ಎಂದು ಹೇಳಬಹುದೇ?

ಉತ್ತರ:

ಅಂತಾರೆ. ನಾನೂ ಅಂತಿದ್ದೆ. ಆ ಮಾತು ನಂಬಿ, ಚಾವಣಿ ಬಿಚ್ಚುವ ಕೆಲಸದವರಿಗೆ "ರಾತ್ರಿಯೇ ಮಳೆ ಮುಗಿಯುತ್ತದೆ, ಬೆಳಗ್ಗೆ ಎಂಟಕ್ಕೆ ಧೈರ್ಯವಾಗಿ ಶುರುಮಾಡಿ" ಎಂದು ಹೇಳಿಬಿಟ್ಟೆ. ಅವರು ಶುರುಮಾಡಿದರು. ಕೆಳಗಿನ ಮಹಡಿ ಪೂರ್ತಿ ನೀರಾಯಿತು.

ಆ ನಕ್ಷೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸಂಜೆ ಆರು ಗಂಟೆಯದು. ಜಾಗ ಉತ್ತರ ಗೋಳಾರ್ಧದಲ್ಲಿ, ಸುಮಾರು 50 ಡಿಗ್ರಿ ಅಕ್ಷಾಂಶ. ದೂರದ ವಾಯುವ್ಯದಲ್ಲಿ ಒಂದು ದೊಡ್ಡ ಲೋ, ಅಂದರೆ ಕಡಿಮೆ ಒತ್ತಡದ ಕೇಂದ್ರ. ಅದರಿಂದ ಹೊರಟ ನೀಲಿ ತ್ರಿಕೋನಗಳ ಗೆರೆ, ಅಂದರೆ ಕೋಲ್ಡ್ ಫ್ರಂಟ್, ಮೊದಲು ನೇರ ದಕ್ಷಿಣಕ್ಕೆ ಇಳಿದು ಆಮೇಲೆ ನೈಋತ್ಯಕ್ಕೆ ಬಾಗಿ ಉದ್ದಕ್ಕೆ ಬಾಲ ಚಾಚಿತ್ತು. ನಮ್ಮ ಊರು ಇದ್ದದ್ದು ಆ ಬಾಲದ ಎದುರಿಗೆ, ಫ್ರಂಟ್‌ಗೆ ಲಂಬವಾಗಿ ಅಳೆದರೆ 250 ಕಿ.ಮೀ. ದೂರದಲ್ಲಿ. ನಡುವಿನ ಜಾಗದಲ್ಲಿ ಐಸೋಬಾರ್‌ಗಳು ಸಾಲುಗಟ್ಟಿದ್ದವು. ನಾಲ್ಕು ಮಿಲಿಬಾರ್‌ಗೆ ಒಂದು ಗೆರೆ, ಒಂದರಿಂದ ಒಂದಕ್ಕೆ 200 ಕಿ.ಮೀ.

ಲೆಕ್ಕ ನನಗೆ ಗೊತ್ತಿತ್ತು. ಆ ಅಕ್ಷಾಂಶದಲ್ಲಿ ನಾಲ್ಕು ಮಿಲಿಬಾರ್‌ನ ಗೆರೆಗಳು 300 ಕಿ.ಮೀ. ಅಂತರದಲ್ಲಿದ್ದರೆ ಗಾಳಿ ಗಂಟೆಗೆ ಸುಮಾರು 35 ಕಿ.ಮೀ. ಅಂತರ ಅರ್ಧವಾದರೆ ವೇಗ ಎರಡರಷ್ಟು. 200 ಕಿ.ಮೀ. ಅಂತರಕ್ಕೆ ಗಂಟೆಗೆ 50ರ ಆಸುಪಾಸು ಬರುತ್ತದೆ. ಕೋಲ್ಡ್ ಫ್ರಂಟ್ ಹೆಚ್ಚುಕಮ್ಮಿ ತನ್ನನ್ನು ತಳ್ಳುವ ಗಾಳಿಯ ವೇಗದಲ್ಲೇ ಸಾಗುತ್ತದೆ. 250 ಭಾಗಿಸು 50, ಐದು ಗಂಟೆ. ರಾತ್ರಿ ಹನ್ನೊಂದಕ್ಕೆ ಫ್ರಂಟ್ ದಾಟುತ್ತದೆ, ಮಧ್ಯರಾತ್ರಿ ಹೊತ್ತಿಗೆ ಮಳೆ ಖಾಲಿ, ಬೆಳಗ್ಗೆ ತಣ್ಣನೆಯ ವಾಯುವ್ಯ ಗಾಳಿ, ಬಿಸಿಲು.

ಇದರಲ್ಲಿ ತಪ್ಪೆಲ್ಲಿ? "ತನ್ನನ್ನು ತಳ್ಳುವ ಗಾಳಿ" ಅಂದೆನಲ್ಲ, ಅಲ್ಲೇ. ಗಾಳಿ ಬೀಸುವುದು ಐಸೋಬಾರ್‌ಗಳ ಉದ್ದಕ್ಕೆ; ನೆಲದ ಹತ್ತಿರ ಘರ್ಷಣೆಯಿಂದ ಸ್ವಲ್ಪ ಲೋ ಕಡೆಗೆ ವಾಲುತ್ತದೆ, ಅಷ್ಟೆ. ಆ ಬಾಲದ ಹತ್ತಿರ ಐಸೋಬಾರ್‌ಗಳು ನೈಋತ್ಯದಿಂದ ಈಶಾನ್ಯಕ್ಕೆ ಹೋಗುತ್ತಿದ್ದವು. ಫ್ರಂಟ್ ಕೂಡ ನೈಋತ್ಯದಿಂದ ಈಶಾನ್ಯಕ್ಕೇ ಮಲಗಿತ್ತು. ಎರಡೂ ಹೆಚ್ಚುಕಮ್ಮಿ ಸಮಾನಾಂತರ. ಗಾಳಿ ಜೋರಾಗಿತ್ತು, ಸುಳ್ಳಲ್ಲ, ಆದರೆ ಅದು ಫ್ರಂಟ್‌ನ ಪಕ್ಕದಲ್ಲೇ ಓಡುತ್ತಿತ್ತು, ಅದನ್ನು ನಮ್ಮ ಕಡೆಗೆ ಹೆಚ್ಚೇನೂ ತಳ್ಳುತ್ತಿರಲಿಲ್ಲ.

ಅಳೆಯಬೇಕಾದದ್ದು ಬೇರೆ. ಸ್ಕೇಲನ್ನು ಐಸೋಬಾರ್‌ಗಳಿಗೆ ಅಡ್ಡ ಇಡಬೇಡಿ, ಫ್ರಂಟ್‌ನ ಗೆರೆಯ ಮೇಲೇ ಉದ್ದಕ್ಕೆ ಇಡಿ. ಆ ಗೆರೆಯನ್ನು ಒಂದು ಐಸೋಬಾರ್ ಕತ್ತರಿಸುವ ಜಾಗದಿಂದ ಮುಂದಿನದು ಕತ್ತರಿಸುವ ಜಾಗಕ್ಕೆ ಎಷ್ಟು ದೂರ ನೋಡಿ. ಫ್ರಂಟ್‌ನ ವೇಗ ಆ ಅಂತರದಲ್ಲಿದೆ. ಲೋಗೆ ಹತ್ತಿರದ ತುದಿಯಲ್ಲಿ ಐಸೋಬಾರ್‌ಗಳು ಫ್ರಂಟನ್ನು ಹೆಚ್ಚುಕಮ್ಮಿ ಲಂಬವಾಗಿ ಕತ್ತರಿಸುತ್ತಿದ್ದವು. ಅಲ್ಲಿನ ಊರಿನವರಿಗೆ ನನ್ನ ಭವಿಷ್ಯ ಚೆನ್ನಾಗಿಯೇ ಹೊಂದುತ್ತಿತ್ತು. ನಮ್ಮೆದುರಿನ ಬಾಲದಲ್ಲಿ ಒಂದರಿಂದ ಇನ್ನೊಂದಕ್ಕೆ 900 ಕಿ.ಮೀ. ಮೊದಲಿನ ಲೆಕ್ಕವನ್ನೇ ಈ ಅಂತರಕ್ಕೆ ಹಾಕಿದರೆ ವೇಗ ಗಂಟೆಗೆ ಬರೀ 12 ಕಿ.ಮೀ. 250 ಭಾಗಿಸು 12, ಇಪ್ಪತ್ತೊಂದು ಗಂಟೆ. ಫ್ರಂಟ್ ಬರಬೇಕಾದದ್ದು ಮರುದಿನ ಮಧ್ಯಾಹ್ನ ಮೂರಕ್ಕೆ! ಬೆಚ್ಚನೆಯ ಗಾಳಿ ಮುಂದೊತ್ತಿ ಬರುವ ವಾರ್ಮ್ ಫ್ರಂಟ್ ಆಗಿದ್ದರೆ ಹೀಗೆ ಬಂದ ವೇಗದಲ್ಲಿ ಮೂರನೇ ಎರಡರಷ್ಟು ಮಾತ್ರ ಹಿಡಿಯಬೇಕು.

ವಿಚಿತ್ರ ಅಂದರೆ ಮಳೆ ಶುರುವಾದದ್ದು ನಾನು ಹೇಳಿದ ಹೊತ್ತಿಗೇ, ರಾತ್ರಿ ಹತ್ತೂವರೆ ಸುಮಾರಿಗೆ. ಫ್ರಂಟ್ ಬಂತು ಅಂದುಕೊಂಡು ಹಾಯಾಗಿ ಮಲಗಿದೆ. ಬಂದದ್ದು ಫ್ರಂಟ್ ಅಲ್ಲ, ಅದರ ಮುಂದೆ ನೂರಿನ್ನೂರು ಕಿ.ಮೀ. ಚಾಚಿದ್ದ ಮಳೆಪಟ್ಟಿ. ಫ್ರಂಟ್ ದಾಟಿದೆಯೋ ಇಲ್ಲವೋ ಅನ್ನುವುದನ್ನು ಮಳೆ ಹೇಳುವುದಿಲ್ಲ, ಬ್ಯಾರೋಮೀಟರ್ ಹೇಳುತ್ತದೆ, ಗಾಳಿ ಹೇಳುತ್ತದೆ. ದಾಟಿದ್ದರೆ ಇಳಿಯುತ್ತಿದ್ದ ಒತ್ತಡ ತಟ್ಟನೆ ತಿರುಗಿ ಏರಬೇಕಿತ್ತು, ನೈಋತ್ಯದ ಗಾಳಿ ವಾಯುವ್ಯಕ್ಕೆ ಹೊರಳಬೇಕಿತ್ತು. ಬೆಳಗ್ಗೆ ಐದಕ್ಕೆ ಎದ್ದು ನೋಡಿದರೆ ಗಾಳಿ ಇನ್ನೂ ನೈಋತ್ಯದ್ದೇ, ಬೆಚ್ಚಗೆ, ಜಿಗುಟಾಗಿ. ಒತ್ತಡ ಇನ್ನೂ ಇಳಿಯುತ್ತಲೇ ಇತ್ತು. ಆಗಲೇ ಫೋನ್ ಮಾಡಿ ಬೇಡ ಅನ್ನಬಹುದಿತ್ತು. ಎಂಟಕ್ಕೆ ಸ್ವಲ್ಪ ಹೊಳವು ಕಂಡಿತು, ಸುಮ್ಮನಿದ್ದೆ.

ಆ ಇಳಿಯುವ ಒತ್ತಡಕ್ಕೂ ಕಾರಣ ಹಿಂದಿನ ಸಂಜೆಯ ನಕ್ಷೆಯಲ್ಲೇ ಇತ್ತು. ನಮ್ಮೆದುರಿನ ಜಾಗದಿಂದ ಇನ್ನೂ ಆರುನೂರು ಕಿ.ಮೀ. ನೈಋತ್ಯಕ್ಕೆ, ಬಾಲದ ಗೆರೆಯಲ್ಲಿ ಒಂದು ಸಣ್ಣ ಡೊಂಕು. ನಕ್ಷೆ ಬರೆದವರ ಕೈ ಅಲುಗಿರಬೇಕು ಅಂದುಕೊಂಡಿದ್ದೆ! ಹೀಗೆ ಐಸೋಬಾರ್‌ಗೆ ಸಮಾನಾಂತರವಾಗಿ ನಿಂತ ಫ್ರಂಟ್ ಮೇಲೆ ಅಲೆ ಏಳುವುದು ಸಾಮಾನ್ಯ. ಡೊಂಕಿನ ತುದಿಯಲ್ಲಿ ಒತ್ತಡ ಕುಸಿದು ಪುಟ್ಟ ಲೋ ಹುಟ್ಟುತ್ತದೆ, ಫ್ರಂಟ್‌ನ ಗುಂಟ ಜಾರುತ್ತ ಹೋಗುತ್ತದೆ. ಎಷ್ಟು ವೇಗದಲ್ಲಿ ಗೊತ್ತೇ? ಫ್ರಂಟ್‌ನ ಬೆಚ್ಚನೆಯ ಬದಿಯ ಗಾಳಿಯ ವೇಗದಲ್ಲಿ, ಸುಮಾರಾಗಿ. ನಾನು ಲೆಕ್ಕ ಹಾಕಿದ ಗಂಟೆಗೆ 50 ಅದೇ. ಸಂಖ್ಯೆ ಸರಿಯಾಗಿತ್ತು, ಅದು ಫ್ರಂಟ್‌ನದಾಗಿರಲಿಲ್ಲ, ಅಲೆಯದಾಗಿತ್ತು. ಆರುನೂರು ಕಿ.ಮೀ. ಹನ್ನೆರಡು ಗಂಟೆ, ಬೆಳಗಿನ ಜಾವ ಅಲೆ ನಮ್ಮ ಎದುರಿಗೆ ಬಂದು, ಫ್ರಂಟನ್ನು ಇನ್ನಷ್ಟು ತಡೆದು ಮಳೆಯನ್ನು ದಪ್ಪ ಮಾಡಿತು. ಗಾಳಿ ವಾಯುವ್ಯಕ್ಕೆ ತಿರುಗಿದ್ದು ಸಂಜೆ ಆರರ ಮೇಲೆ.

ಹಾಗಾಗಿ ನಿಮ್ಮ ಪ್ರಶ್ನೆಯ ಎರಡೂ ಅರ್ಧಕ್ಕೆ ನನ್ನ ಉತ್ತರ ಇಲ್ಲ ಅಂತಲೇ. ಒತ್ತಾಗಿರುವುದು ಗಾಳಿಯ ಜೋರು ಹೇಳುತ್ತದೆ, ಫ್ರಂಟ್‌ನ ವೇಗ ಹೇಳುವುದು ಕೋನ. ಇನ್ನು ಒಂದೇ ನಕ್ಷೆಯಿಂದ ಗಂಟೆ ಹೇಳಲು ಹೋಗಬೇಡಿ. ಆರು ಗಂಟೆ ಹಿಂದಿನ ನಕ್ಷೆಯನ್ನೂ ಪಕ್ಕದಲ್ಲಿಟ್ಟು, ನಿಮ್ಮ ಊರಿನ ಎದುರಿಗೆ ಫ್ರಂಟ್ ನಿಜವಾಗಿ ಎಷ್ಟು ಸರಿದಿದೆ ಅಳೆಯಿರಿ. ನಾನು ಅಳೆದಿದ್ದರೆ ಎಪ್ಪತ್ತು ಕಿ.ಮೀ. ಬರುತ್ತಿತ್ತು, ಯಾವ ಸೂತ್ರವೂ ಬೇಕಿರಲಿಲ್ಲ. ನಕ್ಷೆಯ ಮೂಲೆಯ ಸಮಯ ಸಾಮಾನ್ಯವಾಗಿ ಯುಟಿಸಿ ಇರುತ್ತದೆ, ಸ್ಥಳೀಯ ಸಮಯಕ್ಕೆ ಬದಲಾಯಿಸಿಕೊಂಡೇ ಮುಂದುವರಿಯಿರಿ. ಈ ಲೆಕ್ಕವನ್ನು ಸಮಭಾಜಕದ ಹತ್ತಿರಕ್ಕೆ ಒಯ್ಯಬೇಡಿ. ಅಲ್ಲಿ ಭೂಮಿಯ ತಿರುಗುವಿಕೆಯ ಪರಿಣಾಮ ತೀರಾ ಕಡಿಮೆ, ಗಾಳಿ ಐಸೋಬಾರ್‌ಗಳ ಮಾತು ಕೇಳುವುದಿಲ್ಲ, ಇಂಥ ಫ್ರಂಟ್‌ಗಳೂ ಇರುವುದಿಲ್ಲ.

ಫ್ರಂಟ್ ಮತ್ತು ಐಸೋಬಾರ್ ಸಮಾನಾಂತರ ಕಂಡರೆ ಈಗ ನಾನು ಹೇಳುವುದು ಇಷ್ಟೇ: ನಾಳೆ ಮಳೆ ಬಹಳ ಹೊತ್ತು ಇರುತ್ತದೆ, ನಿಲ್ಲುವ ಸಮಯವನ್ನು ಮಧ್ಯರಾತ್ರಿಯ ನಕ್ಷೆ ಬಂದ ಮೇಲೆ ಹೇಳುತ್ತೇನೆ, ಅಲ್ಲಿಯವರೆಗೆ ಏನನ್ನೂ ಬಿಚ್ಚಬೇಡಿ.