ತಿಂಗಳ ಕೊನೆಯ ದಿನ 28ಕ್ಕೇ ನಿಂತುಬಿಟ್ಟರೆ

“ಬಾಡಿಗೆ ಕಟ್ಟೋಕೆ ಸ್ಪ್ರೆಡ್‌ಶೀಟ್‌ನಲ್ಲಿ 31 ಜನವರಿ 2025 ಅಂತ ಹಾಕಿದ್ದೆ. ಫೆಬ್ರವರಿ ಆದ್ಮೇಲೆ ಪ್ರತಿ ತಿಂಗಳೂ 28 ಅಂತಲೇ ತೋರಿಸ್ತಿದೆ, ಯಾಕೆ?”

ಬಹುಶಃ ನೀವು ಹಿಂದಿನ ತಾರೀಖಿಗೇ ತಿಂಗಳು ಕೂಡಿಸುವ `EDATE` ಹಾಕುತ್ತಾ ಹೋಗಿದ್ದೀರಿ. ಫೆಬ್ರವರಿಯಲ್ಲಿ 31 ಇಲ್ಲ, ಅದು 28ಕ್ಕೆ ಇಳಿಯುತ್ತದೆ. ಮುಂದಿನ ಲೆಕ್ಕಕ್ಕೆ ಆ 28 ಮಾತ್ರ ಗೊತ್ತು. ಹಾಗಾಗಿ ಪ್ರತಿ ಸಲವೂ ಮೊದಲ ತಾರೀಖಿನಿಂದಲೇ ಎಣಿಸಿ.

B2ನಲ್ಲಿ ಮೊದಲ ತಾರೀಖು, C2ನಲ್ಲಿ ಎಷ್ಟು ತಿಂಗಳಿಗೊಮ್ಮೆ, D2ನಲ್ಲಿ ಇದುವರೆಗೆ ಎಷ್ಟು ಸಲ ಕಟ್ಟಿದ್ದೀರಿ ಅಂತ ಹಾಕಿ. E2ನಲ್ಲಿ:

```
=EDATE(B2, C2*D2)
```

C2 1 ಇದ್ದಾಗ, D2 1 ಆದರೆ ಫೆಬ್ರವರಿ 28, 2 ಆದರೆ ಸರಿಯಾಗಿ ಮಾರ್ಚ್ 31. ತಾರೀಖಿನ ಬದಲು 45716 ಥರ ಸಂಖ್ಯೆ ಕಂಡರೆ ಗಾಬರಿ ಬೇಡ, ಆ ಸೆಲ್‌ನ ಫಾರ್ಮ್ಯಾಟ್ ಅನ್ನು ಡೇಟ್ ಮಾಡಿ.

ಮೂರು ದಿನ ಮೊದಲೇ ನೆನಪಿಸೋಕೆ F2ನಲ್ಲಿ:

```
=IF(E2-TODAY()<=3,"ಕಟ್ಟಬೇಕು","")
```

ಶೀಟ್ ತೆರೆದರಷ್ಟೇ ಇದು ಕಾಣುತ್ತದೆ, ತಾನಾಗಿ ಮೆಸೇಜ್ ಬರಲ್ಲ. ಕಟ್ಟಿದ ಕೂಡಲೇ D2ಗೆ ಒಂದು ಸೇರಿಸಿ.