45ರಲ್ಲಿ 6 ಸಂಖ್ಯೆ: ಜಾಕ್‌ಪಾಟ್ ಲೆಕ್ಕ

ಪ್ರಶ್ನೆ: 45 ಸಂಖ್ಯೆಗಳಲ್ಲಿ 6 ಆರಿಸೋ ಲಾಟರಿಯಲ್ಲಿ ಜಾಕ್‌ಪಾಟ್ ಹೊಡೆಯೋ ಸಾಧ್ಯತೆ ಎಷ್ಟು, ಅದನ್ನ ಲೆಕ್ಕ ಹಾಕೋದು ಹೇಗೆ?

ಒಂದು ಟಿಕೆಟಿಗೆ 81,45,060ರಲ್ಲಿ ಒಂದು. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ. ಅಂಥ ನಾಲ್ಕೂವರೆ ಜಿಲ್ಲೆಗಳ ಅಷ್ಟೂ ಜನರ ಹೆಸರು ಬರೆದು ಒಂದೇ ಒಂದು ಚೀಟಿ ಎತ್ತಿದಾಗ ನಿಮ್ಮ ಹೆಸರೇ ಬಂದಷ್ಟು ಅಪರೂಪ.

ಮೊದಲ ಚೆಂಡು 45ರಲ್ಲಿ ಯಾವುದಾದರೂ ಆಗಬಹುದು. ತೆಗೆದದ್ದನ್ನು ವಾಪಸ್ ಹಾಕುವುದಿಲ್ಲ, ಹಾಗಾಗಿ ಎರಡನೆಯದಕ್ಕೆ 44 ಉಳಿಯುತ್ತವೆ, ಹೀಗೇ ಆರನೆಯದಕ್ಕೆ 40. ಇವನ್ನೆಲ್ಲ ಗುಣಿಸಿದರೆ:

45 × 44 × 43 × 42 × 41 × 40 = 586,44,43,200

ಬಹಳ ಜನ ಇಲ್ಲಿಗೇ ನಿಲ್ಲಿಸಿ ತಪ್ಪುತ್ತಾರೆ. ಈ ಲೆಕ್ಕದಲ್ಲಿ 3, 11, 19, 24, 38, 42 ಒಂದು ಸಾಲು. 42, 3, 38, 11, 24, 19 ಇನ್ನೊಂದು. ಟಿಕೆಟಿಗೆ ಎರಡೂ ಒಂದೇ, ಯಾಕೆಂದರೆ ಬಂದ ಕ್ರಮಕ್ಕೆ ಬೆಲೆಯಿಲ್ಲ. ಆರು ಸಂಖ್ಯೆಗಳನ್ನು 6 × 5 × 4 × 3 × 2 × 1 = 720 ರೀತಿ ಜೋಡಿಸಬಹುದು, ಅಂದರೆ ಪ್ರತಿ ಆಯ್ಕೆಯೂ 720 ಸಲ ಎಣಿಕೆಯಾಗಿದೆ. ಆದ್ದರಿಂದ 720ರಿಂದ ಭಾಗಿಸಬೇಕು: 81,45,060.

1, 2, 3, 4, 5, 6 ಬರೆದ ಟಿಕೆಟಿಗೂ ಇದೇ ಸಾಧ್ಯತೆ. ಹಿಂದಿನ ವಾರ ಬಂದ ಸಂಖ್ಯೆಗಳಿಗೂ ಅಷ್ಟೇ, ಚೆಂಡುಗಳಿಗೆ ನೆನಪಿರುವುದಿಲ್ಲ. ಆಯ್ಕೆಯಿಂದ ಬದಲಾಗಬಹುದಾದದ್ದು ಗೆದ್ದರೆ ಸಿಗುವ ಪಾಲು ಮಾತ್ರ. ಹುಟ್ಟಿದ ದಿನಾಂಕ ನೋಡಿ ಆರಿಸುವವರು 31ರೊಳಗೇ ಉಳಿಯುತ್ತಾರೆ, ಅಂಥ ಟಿಕೆಟ್ ಗೆದ್ದರೆ ಬಹುಮಾನ ಹಂಚಿಕೊಳ್ಳಬೇಕಾಗುವ ಸಂಭವ ಹೆಚ್ಚು. ಎರಡು ಬೇರೆ ಬೇರೆ ಟಿಕೆಟ್ ಕೊಂಡರೆ ಸಾಧ್ಯತೆ ದುಪ್ಪಟ್ಟಾಗುವುದು ನಿಜ, ಆದರೂ ಅದು 40,72,530ರಲ್ಲಿ ಒಂದು.